ಹೋಮ್ ಲೋನ್ ಬೇಗ ತೀರಿಸೋದಾ, ಹೂಡಿಕೆ ಮಾಡೋದಾ? ಬಂಗಾರಪೇಟೆಯ ಒಂದು ಜೋಡಿಯ ಲೆಕ್ಕ

ಇವತ್ತು ಒಂದು ಸಣ್ಣ ಕಥೆ ಹೇಳ್ತೀನಿ. ಕಥೆಯ ಗಂಡ-ಹೆಂಡತಿ ಇಬ್ಬರೂ ಕಾಲ್ಪನಿಕ, ಅದಕ್ಕೇ ಅವರಿಗೆ ಹೆಸರಿಟ್ಟಿಲ್ಲ. ಆದರೆ ಕಥೆಯೊಳಗಿನ ಟ್ಯಾಕ್ಸ್ ನಿಯಮ, ಬಡ್ಡಿ ಲೆಕ್ಕ ಎಲ್ಲ ನಿಜದ್ದು. ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೀತಿದ್ರೆ ಅಂಕಿಗಳನ್ನ ಮಾತ್ರ ಬದಲಾಯಿಸಿಕೊಂಡು ಕೇಳಿ.

ಊರು ಬಂಗಾರಪೇಟೆ. 2025ರ ದೀಪಾವಳಿಯ ಹೊತ್ತು. ಅವನು ದಿನಾ ಬೆಳಗ್ಗೆ ಟ್ರೈನ್ ಹಿಡಿದು ವೈಟ್‌ಫೀಲ್ಡ್‌ಗೆ ಹೋಗಿ ಕೆಲಸ ಮಾಡಿ ರಾತ್ರಿ ವಾಪಸ್ ಬರೋ ಹುಡುಗ. ಆ ಲೈನಲ್ಲಿ ಓಡಾಡೋರಿಗೆ ಗೊತ್ತು, ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿ ಬಂಗಾರಪೇಟೆಗೆ ಬರೋ ಹೊತ್ತಿಗೆ ಕೂರೋಕೆ ಜಾಗ ಸಿಕ್ರೆ ಅದೇ ಪುಣ್ಯ. ವರ್ಷಕ್ಕೆ 15 ಲಕ್ಷ ಸಂಬಳ. ಅವಳು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಟೀಚರ್, ವರ್ಷಕ್ಕೆ 6 ಲಕ್ಷ. 2023ರಲ್ಲಿ ಊರಲ್ಲೇ ಒಂದು ಮನೆ ತಗೊಂಡ್ರು. 30 ಲಕ್ಷ ಲೋನ್, 20 ವರ್ಷ, ಆಗ 9% ಬಡ್ಡಿ, ಇಎಂಐ ಸುಮಾರು 27,000. ಲೋನ್ ಅವನ ಹೆಸರಲ್ಲಿ, ಇಎಂಐ ಹೋಗೋದು ಅವನ ಅಕೌಂಟಿಂದ.

ಈಗ ಅವಳು ತನ್ನ ಸಂಬಳದಲ್ಲಿ ಕಟ್ಟಿಕೊಂಡು ಬಂದಿದ್ದ ಚೀಟಿ ಮುಗಿದು ಕೈಗೆ 5 ಲಕ್ಷ ಬಂದಿದೆ. ಜಗಳ ಶುರುವಾಗಿದ್ದು ಅಲ್ಲಿಂದ. ಜಗಳ ಅಂದ್ರೆ ಪಾತ್ರೆ ಎತ್ತಿ ಹಾಕೋ ಜಗಳ ಅಲ್ಲ, ಸಂಜೆ ಪಾನಿಪುರಿ ತಿನ್ನೋಕೆ ಹೋದಾಗಲೂ ಮುಗೀದೇ ಇರೋ ಚರ್ಚೆ. ಬಂಗಾರಪೇಟೆ ಪಾನಿಪುರಿ ಗೊತ್ತಲ್ಲ, ಹಸಿರು ನೀರಿಲ್ಲ, ತಿಳಿನೀರು. ನೋಡೋಕೆ ಸಪ್ಪೆ, ಬಾಯಿಗೆ ಹಾಕಿದ್ರೆ ಖಾರ. ಲೋನ್ ವಿಷಯನೂ ಸ್ವಲ್ಪ ಹಂಗೇ ಇತ್ತು ಅನ್ನಿ.

ಅವಳ ಮಾತು ಒಂದೇ. "ರೀ, ಐದು ಲಕ್ಷಾನೂ ಲೋನಿಗೆ ಕಟ್ಟಿಬಿಡೋಣ. ಸಾಲ ಇದ್ರೆ ನನಗೆ ನಿದ್ದೆ ಬರಲ್ಲ."

ಈ ಮಾತಿಗೆ ಒಂದು ಹಿನ್ನೆಲೆ ಇದೆ. ಅವಳ ತಂದೆ ಕೆಜಿಎಫ್‌ನಲ್ಲಿ, ಬಿಜಿಎಂಎಲ್ ಗಣಿಯಲ್ಲಿ ಕೆಲಸಕ್ಕಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವಳಿನ್ನೂ ಎರಡನೇ ಕ್ಲಾಸು. ಅಪ್ಪನಿಗೆ ಸಂಬಳ ನಿಂತ ಮೇಲೂ ಸಾಲದವರು ಬಾಗಿಲಿಗೆ ಬರೋದು ನಿಂತಿರಲಿಲ್ಲ ಅನ್ನೋದು ಅವಳ ನೆನಪಲ್ಲಿ ಗಟ್ಟಿಯಾಗಿ ಕೂತಿದೆ.

ಅವನದು ಬೇರೆ ಲೆಕ್ಕ. "ನೋಡು, ಹೋಮ್ ಲೋನ್ ಅನ್ನೋದು ಒಳ್ಳೆ ಸಾಲ. ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಇದೆ. ನಾನು 30% ಸ್ಲ್ಯಾಬಲ್ಲಿ ಇದೀನಿ. ಈಗ ಬಡ್ಡಿ 8%. ಅದರಲ್ಲಿ ಟ್ಯಾಕ್ಸ್ ಉಳಿಯೋದು ಕಳೆದ್ರೆ ನಮಗೆ ನಿಜವಾಗಿ ಬೀಳೋದು ಐದೂವರೆ ಪರ್ಸೆಂಟ್. ಐದೂವರೆಗೆ ಸಾಲ ಸಿಗ್ತಿರೋವಾಗ ಅದನ್ನ ಯಾಕೆ ತೀರಿಸಬೇಕು? ಐದು ಲಕ್ಷ ಮ್ಯೂಚುವಲ್ ಫಂಡಿಗೆ ಹಾಕೋಣ, 12% ಬರುತ್ತೆ."

ಈ ವಾದ ನೀವೂ ಕೇಳಿರ್ತೀರ. ಆಫೀಸಲ್ಲಿ, ಟ್ರೈನಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ಓಡಾಡೋ ವಾದ ಇದು. 8%ಗೆ ಸಾಲ, 30% ಸ್ಲ್ಯಾಬು, ಅದರ ಮೇಲೆ 4% ಸೆಸ್ ಸೇರಿ 31.2%. 8ರಲ್ಲಿ 31.2% ಕಳೆದ್ರೆ 5.5. ಗುಣಾಕಾರ ಸರಿಯಾಗೇ ಇದೆ. ಸರಿ ಇದೆಯಾ ಅಂತ ನೋಡಬೇಕಾಗಿದ್ದು ಗುಣಾಕಾರದ ಹಿಂದಿನ ಒಂದು ಊಹೆ. ಅವಳು ಗಣಿತ ಟೀಚರ್ ಅಲ್ವಾ, ಅಲ್ಲೇ ಹಿಡಿದಳು. "ಈ ಟ್ಯಾಕ್ಸ್ ಉಳಿತಾಯ ನಿಜವಾಗ್ಲೂ ಎಷ್ಟು ರೂಪಾಯಿ? ಪರ್ಸೆಂಟ್ ಬೇಡ, ರೂಪಾಯಿಯಲ್ಲಿ ಹೇಳಿ."

ಒಂದು ಭಾನುವಾರ ಕೂತು ಲೆಕ್ಕ ಹಾಕಿದ್ರು.

ಹೋಮ್ ಲೋನಿಗೆ ಎರಡು ಕಡೆ ವಿನಾಯಿತಿ ಇದೆ. ನಾವೇ ವಾಸ ಇರೋ ಮನೆಯಾದ್ರೆ, ಕಟ್ಟಿದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಆದಾಯದಿಂದ ಕಳೀಬಹುದು. ಕಟ್ಟಿದ ಅಸಲು 2025-26ರವರೆಗೆ 80ಸಿ ಅಂತಿದ್ದ ವಿನಾಯಿತಿಯ ಒಳಗೆ ಬರುತ್ತೆ, ಅಲ್ಲಿ ಒಟ್ಟು ಮಿತಿ ಒಂದೂವರೆ ಲಕ್ಷ, ಅದರಲ್ಲಿ ಪಿಎಫ್, ಎಲ್‌ಐಸಿ, ಮಕ್ಕಳ ಸ್ಕೂಲ್ ಫೀಸು ಎಲ್ಲಕ್ಕೂ ಪಾಲು. ಆದರೆ ಈ ಎರಡೂ ಇರೋದು ಹಳೇ ಪದ್ಧತಿಯಲ್ಲಿ ಮಾತ್ರ, ಓಲ್ಡ್ ರಿಜೀಮ್ ಅಂತೀವಲ್ಲ ಅದರಲ್ಲಿ. ಹೊಸ ಪದ್ಧತಿಯಲ್ಲಿ ನಾವೇ ವಾಸ ಇರೋ ಮನೆಯ ಬಡ್ಡಿಗೆ ಒಂದು ರೂಪಾಯಿ ವಿನಾಯಿತಿನೂ ಇಲ್ಲ.

ನಮ್ಮ ಹುಡುಗ ಹಳೇ ಪದ್ಧತಿಯಲ್ಲೇ ಇದ್ದ. ಮನೆ ತಗೊಂಡ ವರ್ಷ ಆಫೀಸಿನ ಎಚ್‌ಆರ್‌ಗೆ ಹಳೇದು ಅಂತ ಬರೆದುಕೊಟ್ಟವನು, ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಅದನ್ನೇ ಟಿಕ್ ಮಾಡ್ತಾ ಬಂದ. ಆವಾಗ ಅದು ಸರಿಯಾಗೇ ಇತ್ತು, ಅದನ್ನ ಹೇಳಲೇಬೇಕು. 2023-24ರಲ್ಲಿ ಅವನ ಸಂಬಳ 11 ಲಕ್ಷ. ಹಳೇ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಬಡ್ಡಿ 2 ಲಕ್ಷ, 80ಸಿ ಒಂದೂವರೆ ಲಕ್ಷ ಕಳೆದ್ರೆ 7 ಲಕ್ಷ ಉಳೀತಿತ್ತು, ಟ್ಯಾಕ್ಸ್ 54,600. ಆ ವರ್ಷದ ಹೊಸ ಪದ್ಧತಿಯಲ್ಲಿ ಹಾಕಿದ್ರೆ 70,200 ಆಗ್ತಿತ್ತು. ಹಳೇದರಲ್ಲಿ 15,600 ಲಾಭ.

ಆಮೇಲೆ ಎರಡು ಬದಲಾವಣೆ ಆಯ್ತು. ಇವನು ಕಂಪನಿ ಬದಲಾಯಿಸಿ ಸಂಬಳ 15 ಲಕ್ಷಕ್ಕೆ ಏರಿತು. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಲ್ಯಾಬುಗಳು ಪೂರ್ತಿ ಬದಲಾದವು. 4 ಲಕ್ಷದವರೆಗೆ ಏನಿಲ್ಲ, ಅಲ್ಲಿಂದ 8ರವರೆಗೆ 5%, 12ರವರೆಗೆ 10%, 16ರವರೆಗೆ 15%, ಹೀಗೆ ನಿಧಾನಕ್ಕೆ ಏರುತ್ತೆ. 30% ಬರೋದು 24 ಲಕ್ಷ ದಾಟಿದ ಮೇಲೆ. ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಹೊಸದರಲ್ಲಿ 75,000. ಹಳೇ ಪದ್ಧತಿ ಮಾತ್ರ ಇದ್ದಲ್ಲೇ ಇದೆ, ಅಲ್ಲಿ 10 ಲಕ್ಷ ದಾಟಿದ್ರೆ 30%.

ಈಗ 15 ಲಕ್ಷಕ್ಕೆ ಎರಡೂ ಹಾಕಿ ನೋಡಿ. ಹಳೇ ಪದ್ಧತಿಯಲ್ಲಿ 50,000, 2 ಲಕ್ಷ, ಒಂದೂವರೆ ಲಕ್ಷ ಕಳೆದ್ರೆ 11 ಲಕ್ಷ ಉಳಿಯುತ್ತೆ. ಟ್ಯಾಕ್ಸು ಸೆಸ್ ಸೇರಿ 1,48,200. ಹೊಸ ಪದ್ಧತಿಯಲ್ಲಿ 75,000 ಕಳೆದು 14,25,000ಕ್ಕೆ ಟ್ಯಾಕ್ಸ್ ಹಾಕಿದ್ರೆ, ಸೆಸ್ ಸೇರಿ 97,500.

ಅವಳು ಕ್ಯಾಲ್ಕುಲೇಟರ್ ಕೆಳಗಿಟ್ಟು ಕೇಳಿದಳಂತೆ. "ರೀ, ಟ್ಯಾಕ್ಸ್ ಉಳಿಸ್ತೀನಿ ಅಂತ ಹೋಗಿ ವರ್ಷಕ್ಕೆ 50,700 ಜಾಸ್ತಿ ಕಟ್ತಿದೀರಲ್ಲ?"

ಅವನು ಸುಮ್ಮನೆ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಇನ್ನೂ ಏನಾದ್ರೂ ವಿನಾಯಿತಿ ಸೇರಿಸಿದ್ರೆ ಹಳೇದೇ ಗೆಲ್ಲಬಹುದಾ ಅಂತ ನೋಡಿದ. 15 ಲಕ್ಷ ಸಂಬಳಕ್ಕೆ ಹಳೇ ಪದ್ಧತಿ ಹೊಸದರ ಸಮ ಆಗಬೇಕಾದ್ರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 5,44,000 ರೂಪಾಯಿ ವಿನಾಯಿತಿ ಬೇಕು. ಇವನ ಹತ್ತಿರ ಇರೋದು ಮೂರೂವರೆ ಲಕ್ಷ. ಎನ್‌ಪಿಎಸ್‌ಗೆ 50,000 ಹಾಕಿ, ಆರೋಗ್ಯ ವಿಮೆಗೆ 25,000 ಕಟ್ಟಿದ್ರೂ ನಾಲ್ಕೂಕಾಲು ಲಕ್ಷ. ಇನ್ನೂ ಒಂದು ಲಕ್ಷದ ಹತ್ತೊಂಬತ್ತು ಸಾವಿರ ಕಮ್ಮಿ. ಅದನ್ನ ತುಂಬೋದು ಸಾಮಾನ್ಯವಾಗಿ ಎಚ್‌ಆರ್‌ಎ. ಆದರೆ ಸ್ವಂತ ಮನೆಯಲ್ಲಿದ್ದು ಬಾಡಿಗೆಯ ವಿನಾಯಿತಿ ಕೇಳೋ ಹಾಗಿಲ್ಲ. ಬೆಂಗಳೂರಲ್ಲಿ ನಿಜವಾಗಿ ಬಾಡಿಗೆಗಿದ್ದು ಊರಲ್ಲಿ ಅಪ್ಪ-ಅಮ್ಮ ಇರೋ ಮನೆಗೆ ಲೋನ್ ಕಟ್ಟೋರ ಲೆಕ್ಕ ಬೇರೆ. ಅವರಿಗೆ ಹಳೇ ಪದ್ಧತಿ ಇನ್ನೂ ಗೆಲ್ಲಬಹುದು. ಇವರಿಗೆ ಗೆಲ್ಲಲ್ಲ.

ಇನ್ನೊಂದು ವಿಷಯ. ಸಂಬಳದವರು ಪ್ರತಿ ವರ್ಷವೂ ಪದ್ಧತಿ ಬದಲಾಯಿಸಬಹುದು. ಆಫೀಸಲ್ಲಿ ಹಳೇದು ಅಂತ ಕೊಟ್ಟು ವರ್ಷ ಪೂರ್ತಿ ಟಿಡಿಎಸ್ ಕಟ್ ಆಗಿದ್ರೂ, ರಿಟರ್ನ್ ಸಲ್ಲಿಸುವಾಗ ಹೊಸದನ್ನ ಆಯ್ಕೆ ಮಾಡಿಕೊಂಡ್ರೆ ಜಾಸ್ತಿ ಕಟ್ಟಿದ್ದು ರೀಫಂಡ್ ಬರುತ್ತೆ. ಉಲ್ಟಾ ಹೋಗೋರು, ಅಂದ್ರೆ ಹಳೇದು ಬೇಕು ಅನ್ನೋರು ಮಾತ್ರ ರಿಟರ್ನಿನ ಗಡುವಿನೊಳಗೇ ಸಲ್ಲಿಸಬೇಕು. ಗಡುವು ದಾಟಿದ್ರೆ ಹೊಸದೇ ಗತಿ.

ಸರಿ, ಈಗ ಮೂಲ ಪ್ರಶ್ನೆಗೆ ಬರೋಣ. ಹೊಸ ಪದ್ಧತಿಗೆ ಹೋದ ತಕ್ಷಣ ಆ ಐದೂವರೆ ಪರ್ಸೆಂಟ್ ಅನ್ನೋ ಅಂಕಿ ಮಾಯ. ಬಡ್ಡಿಗೆ ವಿನಾಯಿತಿ ಇಲ್ಲ ಅಂದ ಮೇಲೆ 8% ಸಾಲ ಅಂದ್ರೆ 8%. ಪ್ರೀಪೇ ಮಾಡಿದ ಪ್ರತಿ ರೂಪಾಯಿನೂ ವರ್ಷಕ್ಕೆ 8% ಬಡ್ಡಿ ಉಳಿಸುತ್ತೆ. ಉಳಿಸಿದ ಬಡ್ಡಿ ಆದಾಯ ಅಲ್ಲ, ಅದರ ಮೇಲೆ ಟ್ಯಾಕ್ಸೂ ಇಲ್ಲ. ಹಾಗಾಗಿ ಪ್ರಶ್ನೆ ಹೀಗೆ ಬದಲಾಗುತ್ತೆ: ಟ್ಯಾಕ್ಸ್ ಕಳೆದು, ರಿಸ್ಕ್ ಇಲ್ಲದೆ, 8% ಕೊಡೋದು ಬೇರೆ ಏನಾದ್ರೂ ಇದೆಯಾ?

ಎಫ್‌ಡಿ 7% ಅಂತಿಟ್ಟುಕೊಳ್ಳಿ. ಅವನ ಹೆಸರಲ್ಲಿಟ್ರೆ ಬಡ್ಡಿಗೆ 15.6% ಟ್ಯಾಕ್ಸ್, ಕೈಗೆ 5.9%. ಅವಳ ಹೆಸರಲ್ಲಿಟ್ರೆ, ಅವಳ ಆದಾಯ 12 ಲಕ್ಷದೊಳಗೆ ಇರೋದ್ರಿಂದ ಹೊಸ ಪದ್ಧತಿಯಲ್ಲಿ ಟ್ಯಾಕ್ಸೇ ಬರಲ್ಲ, 7% ಪೂರ್ತಿ ಸಿಗುತ್ತೆ. ಇಲ್ಲಿ ಚೀಟಿ ಅವಳದ್ದೇ ದುಡಿಮೆ, ಅದಕ್ಕೆ ಸಮಸ್ಯೆ ಇಲ್ಲ. ಅವನ ದುಡ್ಡನ್ನ ಅವಳ ಹೆಸರಲ್ಲಿಟ್ಟಿದ್ರೆ ಆ ಬಡ್ಡಿನ ಅವನ ಆದಾಯಕ್ಕೇ ಸೇರಿಸ್ತಾರೆ, ಅದನ್ನ ಕ್ಲಬ್ಬಿಂಗ್ ಅಂತಾರೆ. ಏನೇ ಆದ್ರೂ 7 ಅನ್ನೋದು 8ಕ್ಕಿಂತ ಕಮ್ಮಿ. ಪಿಪಿಎಫ್ 7.1%, ಟ್ಯಾಕ್ಸ್ ಇಲ್ಲ, ಆದರೆ 15 ವರ್ಷದ ಕಟ್ಟು. ಅದೂ ಕಮ್ಮಿ.

8ನ್ನ ದಾಟೋದು ಒಂದಿದೆ, ಪಿಎಫ್. 2024-25ಕ್ಕೆ 8.25% ಕೊಟ್ಟಿದ್ದಾರೆ. ಕಡ್ಡಾಯ ಪಾಲಿನ ಮೇಲೆ ನಾವೇ ಇಷ್ಟಪಟ್ಟು ಹೆಚ್ಚು ಹಾಕೋದಕ್ಕೆ ವಿಪಿಎಫ್ ಅಂತಾರೆ, ಅದಕ್ಕೂ ಅದೇ ದರ. ನಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟದಿದ್ರೆ ಬಡ್ಡಿಗೆ ಟ್ಯಾಕ್ಸೂ ಇಲ್ಲ. ಆದರೆ ಅದನ್ನ ಸಂಬಳದಿಂದ ತಿಂಗಳು ತಿಂಗಳೇ ಕಟ್ ಮಾಡಿಸಬೇಕು, ಚೀಟಿ ದುಡ್ಡು ತಗೊಂಡು ಹೋಗಿ ಒಟ್ಟಿಗೆ ಹಾಕೋಕೆ ಆಗಲ್ಲ. ಎಷ್ಟೋ ಕಂಪನಿಗಳು ಏಪ್ರಿಲ್‌ನಲ್ಲಿ ಮಾತ್ರ ಬದಲಾಯಿಸೋಕೆ ಬಿಡ್ತಾವೆ. ಮತ್ತೆ ದರವನ್ನ ಪ್ರತಿ ವರ್ಷ ಹೊಸದಾಗಿ ಘೋಷಿಸ್ತಾರೆ.

ಉಳಿದಿದ್ದು ಅವನ ಮ್ಯೂಚುವಲ್ ಫಂಡು. ಈಕ್ವಿಟಿ ಫಂಡಿನ ಲಾಭದಲ್ಲಿ ವರ್ಷಕ್ಕೆ ಒಂದೂಕಾಲು ಲಕ್ಷ ಬಿಟ್ಟು ಮಿಕ್ಕಿದ್ದಕ್ಕೆ 12.5% ಟ್ಯಾಕ್ಸು, ಅದೂ ಒಂದು ವರ್ಷ ಇಟ್ಟುಕೊಂಡಿದ್ರೆ. 5 ಲಕ್ಷವನ್ನ ಹತ್ತು ವರ್ಷ ಬಿಟ್ಟು ಒಂದೇ ಸಲ ತೆಗೆದ್ರೆ, ಸಾಲ ತೀರಿಸಿದ 8%ಗೆ ಸಮ ಆಗೋಕೆ ಫಂಡು ವರ್ಷಕ್ಕೆ ಸುಮಾರು 8.7% ಬೆಳೀಬೇಕು. ಅವನು "12 ಬರುತ್ತೆ" ಅಂದ. ಬರಬಹುದು. ಆದರೆ ಅವನ ಹಳೇ ಲೆಕ್ಕದಲ್ಲಿ ಎರಡರ ನಡುವೆ ಆರೂವರೆ ಪರ್ಸೆಂಟಿನ ಅಂತರ ಇತ್ತು. ಈಗ ಅವನ 12ನ್ನೇ ಒಪ್ಪಿಕೊಂಡರೂ ಅಂತರ ಮೂರೂ ಚಿಲ್ಲರೆ, ಫಂಡು 9 ಕೊಟ್ರೆ ಹೆಚ್ಚು ಕಮ್ಮಿ ಸಮ. ಒಂದು ಕಡೆ ಖಾತ್ರಿ, ಇನ್ನೊಂದು ಕಡೆ ಖಾತ್ರಿ ಇಲ್ಲ. ಫಂಡಿಗೆ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಟ್ಯಾಕ್ಸ್ ಉಳಿಯುತ್ತೆ ಅನ್ನೋ ಕಾರಣ ಕೊಟ್ಟು ಹಾಕೋದಕ್ಕೆ ಇವರ ವಿಷಯದಲ್ಲಿ ಆಧಾರ ಇಲ್ಲ, ಅಷ್ಟೇ.

ಹಾಗಾದ್ರೆ ಅವಳು ಗೆದ್ದಳು, 5 ಲಕ್ಷ ಪೂರ್ತಿ ಕಟ್ಟಿಬಿಡಲಿ ಅಂತೀರಾ? ಅಲ್ಲೂ ಒಂದು ಗಂಟಿದೆ.

ಅವರ ಲೋನಿನ ಈಗಿನ ಸ್ಥಿತಿ ನೋಡಿ. ಬಾಕಿ 28 ಲಕ್ಷ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನ 6.5ರಿಂದ 5.5ಕ್ಕೆ ಇಳಿಸಿತು. ಇವರದು ರೆಪೋಗೆ ಜೋಡಿಸಿದ ಲೋನ್, ಹಾಗಾಗಿ 9% ಇದ್ದದ್ದು 8 ಆಯ್ತು. ಬ್ಯಾಂಕು ಇಎಂಐ ಮುಟ್ಟಲಿಲ್ಲ, ಅವಧಿ ಕಮ್ಮಿ ಮಾಡಿತು. 17 ವರ್ಷ ಉಳಿದಿದ್ದ ಲೋನು 177 ತಿಂಗಳಿಗೆ, ಅಂದ್ರೆ ಹದಿನಾಲ್ಕು ಮುಕ್ಕಾಲು ವರ್ಷಕ್ಕೆ ಬಂತು. ಎಷ್ಟೋ ಜನಕ್ಕೆ ಇದು ಗೊತ್ತೇ ಆಗಿರಲ್ಲ, ಯಾಕಂದ್ರೆ ಪ್ರತಿ ತಿಂಗಳು ಕಟ್ ಆಗೋ ದುಡ್ಡು ಅಷ್ಟೇ ಇರುತ್ತೆ. ನಿಮ್ಮದು ಎಷ್ಟು ತಿಂಗಳು ಉಳಿದಿದೆ ಅಂತ ಎಕ್ಸೆಲ್‌ನಲ್ಲಿ ಒಂದೇ ಸಾಲಲ್ಲಿ ನೋಡಬಹುದು. ಬಡ್ಡಿ, ಇಎಂಐ, ಬಾಕಿ, ಈ ಮೂರು ಜಾಗದಲ್ಲಿ ನಿಮ್ಮ ಅಂಕಿ ಹಾಕಿ:

```
=NPER(8%/12,-27000,2800000)
```

ಬಾಕಿ ಜಾಗದಲ್ಲಿ 23 ಲಕ್ಷ ಹಾಕಿದ್ರೆ 126 ಚಿಲ್ಲರೆ ಬರುತ್ತೆ. ಅಂದ್ರೆ 5 ಲಕ್ಷ ಕಟ್ಟಿದ್ರೆ ನಾಲ್ಕು ವರ್ಷಕ್ಕಿಂತ ಜಾಸ್ತಿ ಇಎಂಐ ಉಳಿಯುತ್ತೆ, ಅದರಲ್ಲಿ ಕಟ್ಟಿದ 5 ಲಕ್ಷ ಕಳೆದ್ರೂ ಸುಮಾರು 8,67,000 ರೂಪಾಯಿ ಬಡ್ಡಿ ಉಳಿತಾಯ. ಈ ಅಂಕಿ ನೋಡಿ ಅವಳ ಮುಖ ಅರಳಿತು. ಇದೇ ಅಂಕಿನ ತೋರಿಸಿ ವಾಟ್ಸಾಪ್‌ನಲ್ಲಿ ವಿಡಿಯೋ ಮಾಡ್ತಾರೆ ನೋಡಿ, "ಐದು ಲಕ್ಷ ಕಟ್ಟಿ ಎಂಟೂವರೆ ಲಕ್ಷ ಉಳಿಸಿ" ಅಂತ. ಸುಳ್ಳಲ್ಲ. ಆದರೆ ಆ ದುಡ್ಡು ಉಳಿಯೋದು ಯಾವಾಗ? 127ನೇ ತಿಂಗಳಿಂದ 177ನೇ ತಿಂಗಳವರೆಗೆ, 2036ರಿಂದ 2040ರ ನಡುವೆ. ಅದು ಹತ್ತೂವರೆ ವರ್ಷ ಕಾದ ಮೇಲಿನ 8%, ಬೇರೆ ಮ್ಯಾಜಿಕ್ ಇಲ್ಲ.

ಇಲ್ಲಿ ಅವನು ಒಂದು ಮಾತು ಹೇಳಿದ. ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ ಮಾತು ಅದು. "ಸರಿ, ಐದೂ ಕಟ್ಟಿದ್ವಿ ಅಂತಿಟ್ಕೋ. ಜನವರಿಯಲ್ಲಿ ನನ್ನ ಕೆಲಸ ಹೋಯ್ತು. ಫೆಬ್ರವರಿ ಇಎಂಐ ಎಷ್ಟು?"

"27,000."

"ಐದು ಲಕ್ಷ ಕಟ್ಟಿದ ಮೇಲೂ?"

"ಐದು ಲಕ್ಷ ಕಟ್ಟಿದ ಮೇಲೂ."

ಪ್ರೀಪೇಮೆಂಟ್ ಸಾಲದ ಬಾಲ ಕತ್ತರಿಸುತ್ತೆ, ಮುಂದಿನ ತಿಂಗಳ ಕಂತನ್ನ ಮುಟ್ಟಲ್ಲ. ಮಾಮೂಲಿ ಹೋಮ್ ಲೋನಿಗೆ ಒಳಗೆ ಹಾಕಿದ ದುಡ್ಡು, ಕಷ್ಟ ಬಂತು ಅಂತ ವಾಪಸ್ ಕೇಳಿದ್ರೆ ಸಿಗಲ್ಲ. ಟಾಪ್-ಅಪ್ ಲೋನ್ ಕೇಳಬಹುದು, ಆದರೆ ಕೆಲಸ ಇಲ್ಲದವನಿಗೆ ಯಾವ ಬ್ಯಾಂಕು ಕೊಡುತ್ತೆ? "ಗಣಿ ಮುಚ್ಚಿದಾಗ ಮಾವನವರ ಹತ್ತಿರ ಆರು ತಿಂಗಳ ದುಡ್ಡು ಕೈಯಲ್ಲಿದ್ದಿದ್ರೆ ಅಷ್ಟು ಕಷ್ಟ ಆಗ್ತಿತ್ತಾ?" ಅಂದ ಅವನು. ಅವಳು ಅದಕ್ಕೆ ಉತ್ತರ ಕೊಡಲಿಲ್ಲ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು. ಬಂದು ಕೂತು, "ಎರಡು ಲಕ್ಷ ಇಟ್ಕೊಳ್ಳೋಣ" ಅಂದಳು.

ಎರಡೇ ಯಾಕೆ? ಅವನ ಕೆಲಸ ಹೋದ್ರೂ ಅವಳ ಸಂಬಳದಲ್ಲಿ ಮನೆ ಖರ್ಚು ನಡೆಯುತ್ತೆ, ಇಎಂಐ ಮಾತ್ರ ಕಟ್ಟೋಕಾಗಲ್ಲ. 2 ಲಕ್ಷ ಅಂದ್ರೆ ಏಳು ತಿಂಗಳ ಇಎಂಐ, ಮೇಲೆ ಸ್ವಲ್ಪ. ಒಬ್ಬರೇ ದುಡಿಯೋ ಮನೆಯಾಗಿದ್ರೆ ಐದು ಲಕ್ಷ ಪೂರ್ತಿ ಇಟ್ಟುಕೊಂಡ್ರೂ ಅದು ಜಾಸ್ತಿ ಅಂತ ನಾನು ಹೇಳ್ತಿರಲಿಲ್ಲ. ಆ 2 ಲಕ್ಷ ಅವಳ ಹೆಸರಲ್ಲಿ ಎಫ್‌ಡಿ, ಬೇಕಾದಾಗ ಮುರಿಯೋ ತರದ್ದು. 8 ಮತ್ತು 7ರ ನಡುವಿನ ಒಂದು ಪರ್ಸೆಂಟು, ವರ್ಷಕ್ಕೆ 2,000 ರೂಪಾಯಿ, ಅದನ್ನ ನಿದ್ದೆಗೆ ಕೊಡೋ ಬಾಡಿಗೆ ಅಂದ್ಕೊಂಡ್ರು.

ಉಳಿದ 3 ಲಕ್ಷ ಲೋನಿಗೆ. ಬಾಕಿ 25 ಲಕ್ಷಕ್ಕೆ ಇಳಿದ್ರೆ 145 ತಿಂಗಳು. 32 ಇಎಂಐ ಕಮ್ಮಿ.

ಕಟ್ಟೋಕೆ ಹೋದಾಗ ಏನಾಯ್ತು ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ತುಂಬ ಜನ ಎಡವೋದು ಅಲ್ಲೇ. ಫ್ಲೋಟಿಂಗ್ ದರದ ಹೋಮ್ ಲೋನನ್ನ ವ್ಯಕ್ತಿಗಳು ಮುಂಚೆ ತೀರಿಸಿದ್ರೆ ದಂಡ ಹಾಕೋ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದು. ಯಾರಾದ್ರೂ ಚಾರ್ಜ್ ಇದೆ ಅಂದ್ರೆ ನಿಮ್ಮ ಲೋನ್ ಫಿಕ್ಸೆಡ್ ದರದ್ದಾ ಅಂತ ಮೊದಲು ನೋಡಿಕೊಳ್ಳಿ. ಎರಡನೇದು, ದುಡ್ಡನ್ನ ಲೋನ್ ಅಕೌಂಟಿಗೆ ಸುಮ್ಮನೆ ಟ್ರಾನ್ಸ್‌ಫರ್ ಮಾಡಿಬಿಟ್ರೆ ಕೆಲವು ಕಡೆ ಅದನ್ನ ಮುಂಗಡ ಇಎಂಐ ಅಂತ ಇಟ್ಟುಕೊಳ್ತಾರೆ, ಅಸಲಿಗೆ ಜಮಾ ಮಾಡಲ್ಲ. ಹಾಗಾದ್ರೆ ಬಡ್ಡಿ ಇಳಿಯಲ್ಲ. ಅದಕ್ಕೇ ಬರವಣಿಗೆಯಲ್ಲಿ ಕೊಡಬೇಕು: ಇದು ಪಾರ್ಟ್ ಪ್ರೀಪೇಮೆಂಟ್, ಅಸಲಿಗೆ ಜಮಾ ಮಾಡಿ, ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ. ಆಮೇಲೆ ಹೊಸ ಮರುಪಾವತಿ ಪಟ್ಟಿ ತಗೊಂಡು ಎರಡು ಸಾಲು ನೋಡಿ. ಕಟ್ಟಿದ ದಿನಾಂಕದಲ್ಲೇ ಬಾಕಿ ಅಸಲು ಪೂರ್ತಿ 3 ಲಕ್ಷ ಇಳಿದಿದೆಯಾ, ಕೊನೇ ಕಂತಿನ ತಿಂಗಳು ಹಿಂದಕ್ಕೆ ಬಂದಿದೆಯಾ. ಎರಡೂ ಆಗಿದ್ರೆ ಸರಿ.

ಅವಧಿ ಕಡಿಮೆ ಮಾಡೋ ಬದಲು ಇಎಂಐ ಇಳಿಸಿ ಅಂತಲೂ ಕೇಳಬಹುದಿತ್ತು. ಆಗ 27,000 ಇದ್ದದ್ದು ಸುಮಾರು 24,100 ಆಗ್ತಿತ್ತು. ಎರಡರಲ್ಲೂ ಉಳಿಸೋ ದರ ಅದೇ 8%. ವ್ಯತ್ಯಾಸ ಏನಂದ್ರೆ ಒಂದರಲ್ಲಿ ಉಳಿತಾಯ ಕೊನೇಲಿ ಬರುತ್ತೆ, ಇನ್ನೊಂದರಲ್ಲಿ ಪ್ರತಿ ತಿಂಗಳು 2,900 ಕೈಗೆ ಸಿಗುತ್ತೆ, ಆ ದುಡ್ಡು ಖರ್ಚಾಗಿ ಹೋಗೋದೂ ಸುಲಭ. ಕೆಲಸದ ಭದ್ರತೆ ಕಮ್ಮಿ ಇರೋರಿಗೆ ಇಎಂಐ ಇಳಿಸೋದೇ ವಾಸಿ. ಇವರು 2 ಲಕ್ಷ ಪಕ್ಕಕ್ಕಿಟ್ಟಿದ್ದರಿಂದ ಅವಧಿ ಇಳಿಸಿದ್ರು.

ಮತ್ತೆ ಅವನ ಮ್ಯೂಚುವಲ್ ಫಂಡು? ಅದೂ ಆಯ್ತು, ಚೀಟಿ ದುಡ್ಡಲ್ಲಿ ಅಲ್ಲ. ಹೊಸ ಪದ್ಧತಿಗೆ ಬಂದಿದ್ದರಿಂದ ಉಳಿಯೋ 50,700 ಇದೆಯಲ್ಲ, ತಿಂಗಳಿಗೆ ಸುಮಾರು 4,200. ಮುಂದಿನ ಏಪ್ರಿಲ್‌ನಿಂದ ಅಷ್ಟನ್ನ ಒಂದು ಇಂಡೆಕ್ಸ್ ಫಂಡಿಗೆ ಎಸ್‌ಐಪಿ ಹಾಕೋದು ಅಂತ ಮಾತಾಯ್ತು. ವಿಪಿಎಫ್‌ಗೇ ಹಾಕಿ ಅಂದಳು ಅವಳು. ಅದು ಮಾತ್ರ ನನ್ನ ಇಷ್ಟಕ್ಕೆ ಬಿಡು ಅಂದ ಅವನು. ಬಿಟ್ಟಳು.

ಹಳೇ ಪದ್ಧತಿಯಲ್ಲೇ ಇರಬೇಕಾದವರು ನಿಮ್ಮಲ್ಲೂ ಇರ್ತೀರ, ಅವರಿಗೆ ಒಂದು ಮಾತು ಹೇಳಿ ಮುಗಿಸ್ತೀನಿ. ನಿಮಗೆ ಬಡ್ಡಿಯ ವಿನಾಯಿತಿ ನಿಜವಾಗ್ಲೂ ಸಿಗ್ತಿದೆ ಅಂತಿಟ್ಟುಕೊಳ್ಳಿ. ಆಗಲೂ ಅದರ ಮಿತಿ 2 ಲಕ್ಷ. ಈ ಜೋಡಿಯ ಲೋನಲ್ಲಿ ಮುಂದಿನ ಒಂದು ವರ್ಷದ ಬಡ್ಡಿ ಸುಮಾರು 2,20,000. ಮೇಲಿನ 20,000ಕ್ಕೆ ಹೇಗೂ ವಿನಾಯಿತಿ ಇಲ್ಲ. ಹಾಗಾಗಿ ಮೊದಲ 2,40,000ದಷ್ಟು ಪ್ರೀಪೇ ಮಾಡಿದ್ರೆ ಆ ವರ್ಷ ಒಂದು ಪೈಸೆ ಟ್ಯಾಕ್ಸ್ ಲಾಭನೂ ಕಳ್ಕೊಳ್ಳಲ್ಲ, ಅಷ್ಟಕ್ಕೆ ಉಳಿಸೋ ದರ ಪೂರ್ತಿ 8%. ಅದನ್ನ ದಾಟಿದ ಮೇಲಷ್ಟೇ ಐದೂವರೆ, ಆರೂಕಾಲು ಅನ್ನೋ ಲೆಕ್ಕ ಶುರು. 50 ಲಕ್ಷದ ಲೋನಿಗೆ ವರ್ಷಕ್ಕೆ 4 ಲಕ್ಷ ಬಡ್ಡಿ ಕಟ್ತಾ, ಅರ್ಧಕ್ಕೆ ಮಾತ್ರ ಸಿಗೋ ವಿನಾಯಿತಿನ ಪೂರ್ತಿ ಸಾಲಕ್ಕೆ ಹಂಚಿ ಮಾತಾಡೋರು ಟ್ರೈನಲ್ಲಿ ಸಿಕ್ಕೇ ಸಿಗ್ತಾರೆ. ಇನ್ನು ಮನೆಯನ್ನ ಬಾಡಿಗೆಗೆ ಕೊಟ್ಟಿದ್ರೆ ಹೊಸ ಪದ್ಧತಿಯಲ್ಲೂ ಬಾಡಿಗೆ ಆದಾಯದಿಂದ ಬಡ್ಡಿ ಕಳೀಬಹುದು, ಆದರೆ ಬಾಡಿಗೆಗಿಂತ ಬಡ್ಡಿ ಜಾಸ್ತಿಯಾಗಿ ನಷ್ಟ ಬಂದ್ರೆ ಅದನ್ನ ಸಂಬಳದ ಜತೆ ಹೊಂದಿಸೋಕೆ ಬರಲ್ಲ.

ನಿಮ್ಮ ಸಂಬಳ, ಬಾಕಿ ಸಾಲ, ಬಡ್ಡಿ ದರ, ಈ ವರ್ಷದ ವಿನಾಯಿತಿಗಳ ಮೊತ್ತ, ನಾಲ್ಕನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಎರಡೂ ಪದ್ಧತಿಯಲ್ಲಿ ಹಾಕಿ ನೋಡಿ. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಲ್ಲೇ ಅದಕ್ಕೆ ಕ್ಯಾಲ್ಕುಲೇಟರ್ ಇದೆ.